ಹತ್ತರಲ್ಲಿ ಐದೇ ಟಿಕ್

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಯಾವ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತ ನನ್ನ ಹತ್ತಿರ ಸಲಹೆ ಕೇಳಲು ಬಂದವರು ಮೂವತ್ತು ದಾಟಿದ ಮಹಿಳೆ, ಕಸ್ಟಮರ್ ಸಪೋರ್ಟ್‌ನಲ್ಲಿ 6 ವರ್ಷ ಕೆಲಸ ಮಾಡಿದವರು. ಕೈಯಲ್ಲಿ ಎರಡು ಜಾಹೀರಾತಿನ ಪ್ರಿಂಟ್ ಇತ್ತು. ಪ್ರತಿ ಅರ್ಹತೆಯ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಟಿಕ್, ಇಲ್ಲವೇ ಇಂಟು ಮಾರ್ಕು. ಟ್ರೈನಿಂಗ್ ಕೋಆರ್ಡಿನೇಟರ್ ಕೆಲಸಕ್ಕೆ ಹತ್ತಕ್ಕೆ ಐದು. ಆಸ್ಪತ್ರೆಯೊಂದರ ಸಹಾಯ ವಿಭಾಗದ ಮೇಲ್ವಿಚಾರಕಿ ಕೆಲಸಕ್ಕೆ ಹತ್ತಕ್ಕೆ ಎಂಟು.

"ಆಸ್ಪತ್ರೆಯದಕ್ಕೆ ಹಾಕ್ತೀನಿ ಮೇಡಂ. ಇನ್ನೊಂದಕ್ಕೆ ಹಾಕಿದ್ರೆ ನಗ್ತಾರೆ ಅಷ್ಟೆ."

ನಾನು ಉಲ್ಟಾ ಹೇಳಿದೆ. ಆಸ್ಪತ್ರೆಯ ಪಟ್ಟಿಯಲ್ಲಿ ಅವರಿಗಿಲ್ಲದ ಎರಡರಲ್ಲಿ ಒಂದು, ನೋಂದಾಯಿತ ನರ್ಸ್ ಆಗಿರಬೇಕು ಅನ್ನುವುದು. ಪಕ್ಕದಲ್ಲೇ 'ಕಡ್ಡಾಯ' ಎಂದು ಬರೆದಿತ್ತು. ಲೈಸೆನ್ಸ್, ನೋಂದಣಿ ಇಂಥವು ಇಲ್ಲದಿದ್ದರೆ ಮಿಕ್ಕ ಎಂಟು ಟಿಕ್ ಯಾರೂ ನೋಡುವುದೇ ಇಲ್ಲ. ಅದು ಬಾಗಿಲು, ಅಂಕ ಅಲ್ಲ. ಆ ಹಾಳೆಯನ್ನು ಪಕ್ಕಕ್ಕಿಟ್ಟೆವು.

ಆಮೇಲೆ ಟ್ರೈನಿಂಗ್ ಕೆಲಸದ ಹಾಳೆ. ಅವರು ಅರ್ಹತೆಗಳ ಪಟ್ಟಿ ಮಾತ್ರ ಓದಿದ್ದರು. ಅದರ ಮೇಲಿದ್ದ 'ಮಾಡಬೇಕಾದ ಕೆಲಸ' ಭಾಗ ಹಾಗೇ ಬಿಟ್ಟಿದ್ದರು. ತುಂಬಾ ಜನ ಹೀಗೇ ಮಾಡುತ್ತಾರೆ. ಅಲ್ಲಿ ಆರು ಕೆಲಸ ಇದ್ದವು. ಪ್ರತಿ ಅರ್ಹತೆಯಿಂದ ಅದು ಬೇಕಾಗುವ ಕೆಲಸಕ್ಕೆ ಒಂದು ಗೆರೆ ಎಳೆಯಿರಿ ಎಂದೆ. ಹೊಸಬರಿಗೆ ಕಲಿಸುವುದು ಮತ್ತು ಬ್ಯಾಚ್‌ಗಳ ವೇಳಾಪಟ್ಟಿ, ಇವೆರಡಕ್ಕೇ ಜಾಸ್ತಿ ಗೆರೆ ಬಿದ್ದವು. ಎರಡೂ ಅವರ ಕೈವಶ. ಹೊರಗಿನ ಏಜೆನ್ಸಿಗಳನ್ನು ನಿಭಾಯಿಸಿದ ಅನುಭವ ಬೇಕು ಎಂದಿತ್ತು, ಆದರೆ ಆರು ಕೆಲಸಗಳಲ್ಲಿ ಯಾವುದಕ್ಕೂ ಅದು ಅಂಟಲಿಲ್ಲ. ಹಳೇ ಜಾಹೀರಾತಿನಿಂದ ಯಾರೋ ನಕಲು ಮಾಡಿರಬೇಕು ಅಂತ ನನ್ನ ಊಹೆ. ಟ್ರೈನಿಂಗ್ ಸರ್ಟಿಫಿಕೇಟ್ 'ಇದ್ದರೆ ಒಳ್ಳೆಯದು' ಸಾಲಿನಲ್ಲಿತ್ತು. ಎರಡು ಇಂಟು ಹಗುರವಾದವು.

ಮೂರನೆಯದು 'ಅಡ್ವಾನ್ಸ್ಡ್ ಎಕ್ಸೆಲ್'. ಇಂಟು ಯಾಕೆ ಅಂತ ಕೇಳಿದೆ. ಮ್ಯಾಕ್ರೋ ಬರೆಯೋಕೆ ಬರಲ್ಲ ಎಂದರು. ಈಗ ಏನು ಮಾಡ್ತೀರಿ? 40 ಜನರ ಶಿಫ್ಟ್ ಪಟ್ಟಿ, ತಿಂಗಳ ಕೊನೆಗೆ ಪಿವಟ್ ಟೇಬಲ್‌ನಲ್ಲಿ ರಜೆಯ ಲೆಕ್ಕ. ಜಾಹೀರಾತಿನಲ್ಲಿ ಎಕ್ಸೆಲ್ ಬೇಕಿದ್ದದ್ದು ತಿಂಗಳ ಹಾಜರಿ ವರದಿಗೆ. ಅದಕ್ಕೆ ಇಷ್ಟು ಸಾಕಲ್ವಾ? ಇಂಟು ಅಳಿಸಿ ಟಿಕ್ ಹಾಕಿದರು, ಸ್ವಲ್ಪ ಅನುಮಾನದಿಂದಲೇ.

ಉಳಿದ ಎರಡು ನಿಜವಾದ ಕೊರತೆ. ಒಂದು, ತರಬೇತಿಯ ದಾಖಲೆ ಇಡುವ ಎಲ್‌ಎಂಎಸ್ ಸಾಫ್ಟ್‌ವೇರ್. ಅದನ್ನು ಅವರು ಮುಟ್ಟೇ ಇರಲಿಲ್ಲ. ಇನ್ನೊಂದು, ತರಬೇತಿಯಲ್ಲಿ 5 ವರ್ಷದ ಅನುಭವ. ಹೊಸದಾಗಿ ಸೇರಿದವರಿಗೆ 3 ವರ್ಷದಿಂದ ಕಲಿಸುತ್ತಿದ್ದರು. ಹುದ್ದೆಯ ಹೆಸರಿನಲ್ಲಿ ಮಾತ್ರ 'ತರಬೇತಿ' ಇರಲಿಲ್ಲ. ರೆಸ್ಯೂಮೆಯಲ್ಲಿ ಆ ವಿಷಯ ಕೊನೇ ಸಾಲಿನಲ್ಲಿ ಅಡಗಿತ್ತು. ಮೇಲಕ್ಕೆ ತಂದೆವು: ಬ್ಯಾಚಿಗೆ 6ರಿಂದ 8 ಜನ, ಒಂದು ವಾರ, ವರ್ಷಕ್ಕೆ ನಾಲ್ಕು ಸಲ.

ಕವರಿಂಗ್ ಲೆಟರ್ ಶುರುವಾಗಿದ್ದೇ "ನನಗೆ ಅನುಭವ ಕಡಿಮೆ ಇದ್ದರೂ" ಅಂತ. ಅದನ್ನು ಹೊಡೆದುಹಾಕಿದೆ. ಓದುವವರಿಗೆ ಮೊದಲ ಸಾಲಿನಲ್ಲೇ ಬೇಡ ಅನ್ನಲು ನೆಪ ಕೊಟ್ಟ ಹಾಗೆ. ಎಲ್‌ಎಂಎಸ್ ಬಗ್ಗೆ ಒಂದೇ ಸಾಲು ಸಾಕು: ಬಳಸಿಲ್ಲ, ತಂಡದ ತರಬೇತಿ ದಾಖಲೆಯನ್ನು ಶೀಟ್‌ನಲ್ಲಿ ನಾನೇ ಇಡುತ್ತೇನೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. 5 ವರ್ಷ ಅನ್ನುವುದು ಬರೀ ಅಂದಾಜು, ತಲೆ ಕೆಡಿಸ್ಕೋಬೇಡಿ ಎಂದಿದ್ದೆ. ಮರುದಿನ ಫೋನ್ ಬಂತು. "ಮೇಡಂ, ಫಾರಂನಲ್ಲಿ ವರ್ಷ ತುಂಬದೆ ಮುಂದಕ್ಕೇ ಹೋಗ್ತಿಲ್ಲ. 6 ಹಾಕ್ಲಾ, ಸೊನ್ನೆ ಹಾಕ್ಲಾ?" ಇಂಥ ಕಡೆ ಸಂಖ್ಯೆ ಕಡಿಮೆಯಿದ್ದರೆ ಅರ್ಜಿ ಯಾರ ಕಣ್ಣಿಗೂ ಬೀಳದೆ ಸೋಸಿಹೋಗಬಹುದು. ಅದನ್ನು ಅವರಿಗೆ ಮೊದಲೇ ಹೇಳಬೇಕಿತ್ತು. 3 ಹಾಕಿ ಎಂದೆ. ರೆಸ್ಯೂಮೆ 3 ಅಂತ ಹೇಳುವಾಗ ಫಾರಂ 6 ಅಂದರೆ ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುವುದು ಖಂಡಿತ. ಸೋಸಿಹೋದರೆ ನಷ್ಟ ಒಂದು ಸಂಜೆಯದು. ಅದಕ್ಕಿಂತ ಜಾಸ್ತಿ ಹೊತ್ತು ಈ ಅರ್ಜಿಗೆ ಕೊಡಬೇಡಿ ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಎರಡು ವಾರ ಬಿಟ್ಟು ಕರೆ ಬಂತು. ಇಂಟರ್‌ವ್ಯೂನಲ್ಲಿ ವರ್ಷದ ಮಾತೇ ಬರಲಿಲ್ಲವಂತೆ. ಬ್ಯಾಚಿನಲ್ಲಿ ಒಬ್ಬರು ಹಿಂದೆ ಬಿದ್ದರೆ ಏನು ಮಾಡ್ತೀರಿ ಅಂತ ಬಹಳ ಹೊತ್ತು ಕೇಳಿದರಂತೆ. ಎಲ್‌ಎಂಎಸ್ ಕಲಿಯೋಕೆ ಎಷ್ಟು ದಿನ ಬೇಕು ಅಂತಲೂ ಕೇಳಿದರು. ಅದಕ್ಕೆ ಇವರು ತಡವರಿಸಿದ್ದಾರೆ. ನಾವು ಆ ಪ್ರಶ್ನೆಗೆ ತಯಾರಾಗಿರಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಇನ್ನೂ ಬಂದಿಲ್ಲ.