ಯಾರ ಕಣ್ಣಿಗೆ ಯಾವ ಪುಟ

"ಕುಂಬಳೆ ಸಮೀಪ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ಇನ್ನೊಬ್ಬ ವೈದ್ಯರು, ಇಬ್ಬರು ನರ್ಸ್, ಒಬ್ಬ ಲ್ಯಾಬ್ ಟೆಕ್ನೀಶಿಯನ್, ಕೌಂಟರಿಗೆ ಒಬ್ಬರು, ಲೆಕ್ಕಪತ್ರಕ್ಕೆ ಒಬ್ಬರು ಇದ್ದಾರೆ. ದಾಖಲೆಗಳು ಕಂಪ್ಯೂಟರಿನಲ್ಲಿವೆ, ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಈಚೆಗೆ ಒಬ್ಬ ಯುವತಿಯ ಗರ್ಭ ಪರೀಕ್ಷೆಯ ಫಲಿತಾಂಶ ಅವಳು ಮನೆ ಮುಟ್ಟುವ ಮೊದಲೇ ನೆಂಟರಿಗೆ ಗೊತ್ತಾಗಿತ್ತು. ನಿಯಮ ಬರೆಯಲು ಕೂತರೆ 'ಗೌಪ್ಯತೆ ಕಾಪಾಡಬೇಕು' ಎಂಬಲ್ಲಿಂದ ಮುಂದಕ್ಕೆ ಹೋಗುತ್ತಿಲ್ಲ. ಹೇಗೆ ಬರೆಯಲಿ?"
— ಓದುಗ ವೈದ್ಯರು, ಕಾಸರಗೋಡು ಜಿಲ್ಲೆ

ಮಾನ್ಯ ಡಾಕ್ಟರೇ,

ಮೊದಲು ಆ ವಾಕ್ಯವನ್ನು ಹೊಡೆದುಹಾಕಿ. ಯಾರು ಯಾವುದನ್ನು ತೆರೆಯಬಾರದು ಎಂದು ಅದು ಹೇಳುವುದಿಲ್ಲ, ಆದ್ದರಿಂದ ಅದನ್ನು ಮುರಿದವರನ್ನೂ ಹಿಡಿಯಲಾಗದು. ಅದರ ಬದಲು ಆ ಯುವತಿಯ ವರದಿ ನಡೆದ ದಾರಿಯಲ್ಲೇ ಒಮ್ಮೆ ನಡೆದು ನೋಡಿ. ನೀವು ಪರೀಕ್ಷೆ ಬರೆದಿರಿ, ಲ್ಯಾಬಿನವರು ಫಲಿತಾಂಶ ತುಂಬಿಸಿದರು. ಮುದ್ರಣವಾದದ್ದು ಬಹುಶಃ ಕೌಂಟರಿನ ಪ್ರಿಂಟರಿನಲ್ಲಿ. ಬಿಲ್ಲಿನಲ್ಲಿ ಪರೀಕ್ಷೆಯ ಹೆಸರು ಬಂತು. ಕೊನೆಗೆ ವಾಟ್ಸಾಪ್ ಸಂದೇಶ ಹೋಗಿದ್ದರೆ, ನೋಂದಣಿಯಲ್ಲಿದ್ದದ್ದು ಅವಳ ನಂಬರೋ ಮನೆಯವರದೋ? ನಮ್ಮ ಕಡೆ ಒಂದು ಮನೆಗೆ ಒಂದೇ ನಂಬರ್ ಕೊಡುವುದು ಇನ್ನೂ ರೂಢಿಯಲ್ಲಿದೆ. ಈ ಐದು ತಾಣಗಳಲ್ಲಿ ಎಲ್ಲಿ ಸೋರಿತೆಂದು ಇಂದು ನೀವು ಹೇಳಲಾರಿರಿ, ಏಕೆಂದರೆ ಪಾಸ್‌ವರ್ಡ್ ಒಂದೇ ಆಗಿರುವಾಗ ಕಂಪ್ಯೂಟರಿನ ದಾಖಲೆಯಲ್ಲಿ ತೆರೆದವರ ಹೆಸರೂ ಒಂದೇ. ನಿರಪರಾಧಿಗಳೂ ಅನುಮಾನಕ್ಕೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಪ್ರತಿಯೊಬ್ಬರಿಗೂ ಬೇರೆ ಖಾತೆ ಎಂಬುದೇ ನಿಮ್ಮ ಮೊದಲ ನಿಯಮವಾಗಲಿ.

ಇನ್ನು ಯಾರು ಎಷ್ಟು ನೋಡಬಹುದೆಂಬ ಹಂತಗಳು. ಹುದ್ದೆಯಿಂದ ಆರಂಭಿಸಬೇಡಿ, ಕೆಲಸದಿಂದ ಆರಂಭಿಸಿ. ಕೌಂಟರಿನವರ ಕೆಲಸ ಹೆಸರು ಬರೆದುಕೊಳ್ಳುವುದು, ಟೋಕನ್ ಕೊಡುವುದು, ಹಣ ಪಡೆಯುವುದು. ಅವರ ನಿಯಮವನ್ನು ಹೀಗೆ ಬರೆಯಬಹುದು: "ಕೌಂಟರಿನ ಸಿಬ್ಬಂದಿ ರೋಗಿಯ ಹೆಸರು, ವಯಸ್ಸು, ಫೋನ್ ನಂಬರ್, ಭೇಟಿಯ ದಿನ ನೋಡಬಹುದು, ತಿದ್ದಬಹುದು. ಬಿಲ್ಲಿನ ಮೊತ್ತ ನೋಡಬಹುದು, ತಿದ್ದುವಂತಿಲ್ಲ. ರೋಗನಿರ್ಣಯ, ಔಷಧ, ಲ್ಯಾಬ್ ಫಲಿತಾಂಶ ತೆರೆಯುವಂತಿಲ್ಲ." ನೋಡುವುದು, ಬರೆಯುವುದು, ತಿದ್ದುವುದು, ಮುದ್ರಿಸುವುದು ಬೇರೆಬೇರೆ ಅಧಿಕಾರಗಳು, ಒಂದೊಂದನ್ನೂ ಹೆಸರಿಸಿ.

ಇಷ್ಟು ಬರೆದರೂ ಬಿಲ್ ಗುಟ್ಟು ಬಿಟ್ಟುಕೊಡುತ್ತದೆ. ಫಲಿತಾಂಶ ಮುಚ್ಚಿಟ್ಟು, ಬಿಲ್ಲಿನಲ್ಲಿ 'ಎಚ್‌ಐವಿ ಪರೀಕ್ಷೆ' ಎಂದು ಅಚ್ಚಾದರೆ ಏನು ಬಂತು? ಕೌಂಟರಿನ ಪರದೆಯಲ್ಲಿ 'ಲ್ಯಾಬ್ ಶುಲ್ಕ' ಮತ್ತು ಮೊತ್ತವಷ್ಟೇ ಕಾಣಲಿ. ವಿವರವಾದ ಬಿಲ್ ಬೇಕಾದವರಿಗೆ ಅದು ವೈದ್ಯರ ಕೋಣೆಯಲ್ಲೇ ಸಿಗಲಿ. ವರದಿಯೂ ಅಲ್ಲೇ ಮುದ್ರಣವಾಗಲಿ. ಎಚ್‌ಐವಿ ವಿಷಯದಲ್ಲಂತೂ ರೋಗಿಯ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದನ್ನು 2017ರ ಕಾಯಿದೆಯೇ ನಿಷೇಧಿಸಿದೆ.

ಉಳಿದವರದು ಬೇಗ ಮುಗಿಯುತ್ತದೆ. ಲ್ಯಾಬಿನವರಿಗೆ ತಮಗೆ ಬಂದ ಪರೀಕ್ಷೆಯ ಸೂಚನೆ ಮತ್ತು ಫಲಿತಾಂಶ ಸಾಕು. ನರ್ಸ್‌ಗಳಿಗೆ ಅಂದು ಬಂದ ರೋಗಿಗಳ ಔಷಧ, ಅಲರ್ಜಿ, ರಕ್ತದೊತ್ತಡ, ಸಕ್ಕರೆ ಬೇಕು. ಅವರು ಹೊಸದನ್ನು ಬರೆಯಬಹುದು, ಹಳೆಯದನ್ನು ಅಳಿಸುವಂತಿಲ್ಲ. ಲೆಕ್ಕಪತ್ರದವರಿಗೆ ಬಿಲ್ ಸಂಖ್ಯೆ ಮತ್ತು ಹಣ, ಅಷ್ಟೇ. ವೈದ್ಯರಿಗೆ ಪೂರ್ತಿ ದಾಖಲೆ. ಸಾಫ್ಟ್‌ವೇರ್ ದುರಸ್ತಿಗೆ ಬರುವವರನ್ನು ಮರೆಯಬೇಡಿ. ಅವರಿಗೆ ಆ ದಿನಕ್ಕೆ ಮಾತ್ರ ಖಾತೆ, ಪಕ್ಕದಲ್ಲಿ ನಿಮ್ಮವರೊಬ್ಬರು.

ಸಣ್ಣ ಕ್ಲಿನಿಕ್‌ಗಳಲ್ಲಿ ನಿಯಮ ಮುರಿದುಬೀಳುವುದು ರಜೆಯ ದಿನ. ಕೌಂಟರಿನವರು ಬಾರದಿದ್ದರೆ ನರ್ಸ್ ಅಲ್ಲಿ ಕೂರುತ್ತಾರೆ, ಲ್ಯಾಬಿನವರ ಪಾಸ್‌ವರ್ಡ್ ಚೀಟಿಯಲ್ಲಿ ಕೈಬದಲಾಗುತ್ತದೆ. ಆದ್ದರಿಂದ ಬದಲಿ ಕೆಲಸಕ್ಕೂ ಒಂದು ಕಲಂ ಇರಲಿ: "ಬೇರೊಬ್ಬರ ಕೆಲಸ ನೋಡುವವರ ಸ್ವಂತ ಖಾತೆಗೇ ಆ ಅಧಿಕಾರವನ್ನು ವೈದ್ಯರು ಕೊಡುತ್ತಾರೆ, ಅದು ಅಂದು ಸಂಜೆಗೆ ರದ್ದಾಗುತ್ತದೆ." ತುರ್ತಿಗೂ ಹೀಗೆಯೇ. ಎಚ್ಚರ ತಪ್ಪಿದವರು ಬಂದಾಗ ವೈದ್ಯರು ಇಲ್ಲದಿದ್ದರೆ ನರ್ಸ್ ಪೂರ್ತಿ ದಾಖಲೆ ತೆರೆಯಲೇಬೇಕು. ತೆರೆಯಲಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ, ಮರುದಿನ ನೀವು ಅದನ್ನು ಓದಿ ಸಹಿ ಹಾಕಿ. ಈ ಬಾಗಿಲನ್ನು ನೀವೇ ಇಡದಿದ್ದರೆ ಹಳೆಯ ಸಾಮಾನ್ಯ ಪಾಸ್‌ವರ್ಡ್ ಹಿಂದಿನಿಂದ ಮರಳಿ ಬರುತ್ತದೆ.

ವಾರಕ್ಕೊಮ್ಮೆ, ಯಾರು ಯಾವ ದಾಖಲೆ ತೆರೆದರೆಂಬ ಪಟ್ಟಿಯಿಂದ ಕೆಲವನ್ನು ಆರಿಸಿ ನೋಡಿ. ಅಂದು ಕ್ಲಿನಿಕ್‌ಗೆ ಬಾರದ ರೋಗಿಯ ಕಡತ ತೆರೆದಿದೆಯೇ? ಸಿಬ್ಬಂದಿಯ ನೆರೆಯವರ, ನೆಂಟರ ಕಡತ ತೆರೆದಿದೆಯೇ? ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಊರಿನಲ್ಲಿ ಸೋರಿಕೆ ಹೆಚ್ಚಾಗಿ ಹಣದಾಸೆಯಿಂದಲ್ಲ, ಕುತೂಹಲದಿಂದ ಆಗುತ್ತದೆ. ಆದ್ದರಿಂದ ತನ್ನ ಸಂಬಂಧಿಕರ ದಾಖಲೆಯ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಬೇಕೆಂದು ಬರೆದುಬಿಡಿ. ಅದು ಸಿಬ್ಬಂದಿಯನ್ನೂ ಕಾಯುತ್ತದೆ. ಮನೆಯವರು "ಏನಂತೆ ಅವಳಿಗೆ?" ಎಂದು ಕೇಳಿದಾಗ ತೋರಿಸಲು ಅವರಿಗೊಂದು ಕಾಗದವಿರುತ್ತದೆ.

ನಿಯಮವನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿಸಿ, ಪ್ರತಿಯೊಬ್ಬರೂ ತಾವು ಸಲೀಸಾಗಿ ಓದುವ ಪ್ರತಿಗೆ ಸಹಿ ಹಾಕಲಿ. ಕೆಲಸ ಬಿಟ್ಟವರ ಖಾತೆ ಅವರು ಹೊರಟ ದಿನವೇ ಮುಚ್ಚಲಿ. ರೋಗಿಯೇ ತನ್ನ ದಾಖಲೆ ಕೇಳಿದರೆ ಈ ಹಂತಗಳನ್ನು ನೆಪ ಮಾಡಿ ತಡೆಯುವಂತಿಲ್ಲ. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ಅದಕ್ಕೆ 72 ಗಂಟೆಗಳ ಗಡುವು ಹಾಕಿದೆ. ಆ ಪ್ರತಿಯನ್ನು ಯಾರು ಕೊಡುತ್ತಾರೆ, ಗುರುತನ್ನು ಹೇಗೆ ಪರಿಶೀಲಿಸುತ್ತಾರೆ ಎಂಬುದನ್ನೂ ಬರೆಯಿರಿ. ಪ್ರತಿ ಕೇಳಿದ್ದು ಗಂಡನೋ ತಂದೆಯೋ ಆದರೆ, ರೋಗಿಯ ಲಿಖಿತ ಒಪ್ಪಿಗೆ ಕೇಳುವ ಜವಾಬ್ದಾರಿ ಕೌಂಟರಿನವರ ಮೇಲೆ ಬೀಳದಿರಲಿ. ಅದು ನಿಮ್ಮದೇ ಕೋಣೆಗೆ ಬರಲಿ.

— ಸಂಪಾದಕ