ಹಳೆ ವರ್ಷದ ಸ್ಟಾಕ್ ತಪ್ಪನ್ನು ಓಪನಿಂಗ್ ರಿಸರ್ವ್‌ನಲ್ಲಿ ಏಕೆ ಸರಿಪಡಿಸಿದೆವು: ಬೋರ್ಡ್‌ಗೆ ಮೆಮೊ ಬರೆಯುವುದು ಹೇಗೆ?

ಪ್ರಶ್ನೆ: ಕೊಡಗಿನ ಒಂದು ಕಾಫಿ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತೀನಿ. ಎರಡು ವರ್ಷದ ಹಿಂದೆ ಕ್ಲೋಸಿಂಗ್ ಸ್ಟಾಕ್ ಜಾಸ್ತಿ ತೋರಿಸಿದ್ದು ಈಗ ಗೊತ್ತಾಗಿದೆ. ಈ ವರ್ಷದ ಲಾಭ ಮುಟ್ಟಬೇಡಿ, ಓಪನಿಂಗ್ ರಿಸರ್ವ್‌ನಲ್ಲೇ ಸರಿಪಡಿಸಿ ಅಂತ ಆಡಿಟರ್ ಹೇಳಿದ್ದಾರೆ. ಅದು ಏಕೆ ಅಂತ ಬೋರ್ಡ್‌ಗೆ ಮೆಮೊ ಬರೆಯಬೇಕು. ಏನು ಬರೆಯಲಿ?

ಉತ್ತರ:

ಮೊದಲು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಕಂಪನಿಗೆ ಹೊಸ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ ಅನ್ವಯಿಸುತ್ತದೆಯಾ, ಹಳೆ ಎಎಸ್ ನಿಯಮವಾ? ಲಿಸ್ಟೆಡ್ ಕಂಪನಿಯ ಸಬ್ಸಿಡಿಯರಿ ಆಗಿದ್ದರೆ, ಅಥವಾ ನೆಟ್‌ವರ್ತ್ 250 ಕೋಟಿ ದಾಟಿದ್ದರೆ ಇಂಡ್ ಎಎಸ್. ಕೊಡಗಿನ ಸಣ್ಣ ಪ್ರೈವೇಟ್ ಕಂಪನಿಗಳು ಹೆಚ್ಚಾಗಿ ಹಳೆ ಎಎಸ್‌ನಲ್ಲೇ ಇವೆ. ಅಲ್ಲಿ ಎಎಸ್ 5 ಹೇಳುವುದು ಬೇರೆಯೇ: ಹಳೆ ವರ್ಷದ ತಪ್ಪು ಈ ವರ್ಷದ ಲಾಭನಷ್ಟದಲ್ಲೇ ಬರಬೇಕು, ಆದರೆ ಬೇರೆ ಸಾಲಿನಲ್ಲಿ ಎದ್ದು ಕಾಣುವಂತೆ. ಹಾಗಾಗಿ ಓಪನಿಂಗ್ ರಿಸರ್ವ್ ಎಂಬ ಮಾತೇ ಇಂಡ್ ಎಎಸ್ 8ರದ್ದು. ನಿಮ್ಮ ಆಡಿಟರ್ ಹಾಗೆ ಹೇಳಿದ್ದಾರೆ ಅಂದರೆ ನೀವು ಇಂಡ್ ಎಎಸ್‌ನಲ್ಲೇ ಇದ್ದೀರಿ ಅಂದುಕೊಂಡು ಬರೆಯುತ್ತೇನೆ. ಆದರೂ ಮೆಮೊದ ಮೊದಲ ಸಾಲಿನಲ್ಲೇ ಅದನ್ನು ಹೇಳಿಬಿಡಿ. ಯಾಕೆಂದರೆ ಡೈರೆಕ್ಟರುಗಳಲ್ಲಿ ಕೆಲವರಿಗೆ ತಮ್ಮ ಸ್ವಂತ ಎಸ್ಟೇಟ್ ಕಂಪನಿಯಲ್ಲಿ ಎಎಸ್ 5ರ ರೂಢಿ ಇರುತ್ತದೆ. "ನಮ್ಮಲ್ಲಿ ಹೀಗೆ ಮಾಡಲ್ಲವಲ್ಲ" ಅನ್ನುವ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ನಾನು ಇಂಥದ್ದೇ ಒಂದು ಮೆಮೊ ಬರೆದಿದ್ದೇನೆ. ಕುಶಾಲನಗರದ ಕಡೆಯ ಒಂದು ಕಂಪನಿ, ಹೆಸರು ಬೇಡ. ಅದರ ಕಥೆಯನ್ನೇ ಹೇಳುತ್ತೇನೆ, ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗಲಿ ಅಂತ ಬದಲಿಸಿದ್ದೇನೆ.

2023ರ ಮಾರ್ಚ್‌ನಲ್ಲಿ 1,000 ಚೀಲ ರೋಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಸಿಪ್ಪೆ ತೆಗೆದು ಕ್ಲೀನ್ ಕಾಫಿ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿತ್ತು. ಚೀಲಕ್ಕೆ 50 ಕೆ.ಜಿ., ಪುಸ್ತಕದಲ್ಲಿ ಚೀಲಕ್ಕೆ 4,800 ರೂಪಾಯಿ. ಗೇಟ್ ಪಾಸ್ ಬರೆದುಕೊಟ್ಟಿದ್ದಾರೆ, ಲಾರಿ ಹೋಗಿದೆ, ಕ್ಯೂರಿಂಗ್‌ನವರು ರಸೀದಿ ಕೊಟ್ಟಿದ್ದಾರೆ. ಆದರೆ ಸ್ಟಾಕ್ ಲೆಡ್ಜರ್‌ನಲ್ಲಿ ಹಿಂದಿನ ಗೋಡೌನ್‌ನಿಂದ ಅದನ್ನು ಕಳೆಯಲೇ ಇಲ್ಲ. ಮಾರ್ಚ್ 31ಕ್ಕೆ ಕ್ಯೂರಿಂಗ್‌ನವರ ಸರ್ಟಿಫಿಕೇಟ್ ನೋಡಿ ಕ್ಲೀನ್ ಕಾಫಿ ಸ್ಟಾಕ್‌ಗೆ ಸೇರಿಸಿದರು. ಲೆಡ್ಜರ್ ನೋಡಿ ಅದೇ ಚೆರ್ರಿಯನ್ನೂ ಸೇರಿಸಿದರು. ಒಂದೇ ಕಾಫಿ ಎರಡು ಸಲ. ಮುಂದಿನ ವರ್ಷ ಕ್ಲೀನ್ ಕಾಫಿ ಮಾರಾಟವಾಯಿತು, ಚೆರ್ರಿ ಮಾತ್ರ ಲೆಡ್ಜರ್‌ನಲ್ಲೇ ಉಳಿಯಿತು. 2024ರ ಮಾರ್ಚ್‌ನಲ್ಲೂ ಆ ಗೋಡೌನನ್ನು ಎಣಿಸದೆ ಪಟ್ಟಿಯನ್ನಷ್ಟೇ ಪ್ರಿಂಟ್ ತೆಗೆದರು.

ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಹೊಸ ಬೆಳೆ ಬರುವ ಮುಂಚೆ ಗೋಡೌನ್ ಗುಡಿಸಿ, ಹಳೆ ಗೋಣಿ ತೆಗೆಯುವ ಸಮಯ. ನೆಲ ಖಾಲಿ, ಗೋಡೆಯ ಬದಿಯಲ್ಲಿ ಹರಿದ ಗೋಣಿಯ ಒಂದು ರಾಶಿ ಬಿಟ್ಟರೆ ಏನೂ ಇಲ್ಲ. ಪುಸ್ತಕದಲ್ಲಿ 48 ಲಕ್ಷದ ಚೆರ್ರಿ.

ಬೋರ್ಡ್‌ನಲ್ಲಿ ಮೊದಲು ಬಂದ ಮಾತು ಇದು: "ಈ ವರ್ಷ ರೋಬಸ್ಟಾ ದರ ಚೆನ್ನಾಗಿದೆ, ಲಾಭದಲ್ಲೇ ರೈಟ್ ಆಫ್ ಮಾಡಿ ಮುಗಿಸಿ." ಕೇಳುವುದಕ್ಕೆ ಸರಳ. ಆದರೆ ಈ ವರ್ಷ ಆ ಚೆರ್ರಿ ಕಳೆದುಹೋಗಿಲ್ಲ. ಅದು 2023ರ ಮಾರ್ಚ್ 31ರಂದೇ ಅಲ್ಲಿ ಇರಲಿಲ್ಲ. ಈ ವರ್ಷದ ಲಾಭದಿಂದ ಕಳೆದರೆ, ಈ ವರ್ಷ ವ್ಯಾಪಾರ ಮಾಡಿದವರು ಇಲ್ಲದ ನಷ್ಟವನ್ನು ಹೊರಬೇಕು, 2022-23ರ ಸುಳ್ಳು ಲಾಭ ಹಾಗೇ ರಿಸರ್ವ್‌ನಲ್ಲಿ ಕೂತಿರುತ್ತದೆ. ಬಾರದ ಲಾಭ ರಿಸರ್ವ್‌ಗೆ ಹೋಗಿ ಸೇರಿತ್ತು, ಹಾಗಾಗಿ ಅಲ್ಲಿಂದಲೇ ಅದನ್ನು ತೆಗೆಯಬೇಕು. ನನ್ನ ಮೆಮೊದ ತಿರುಳು ಇದೇ.

ಇನ್ನು ಒಂದು ಪ್ರಶ್ನೆಗೆ ನೀವು ಸಾಕ್ಷಿ ಸಮೇತ ಉತ್ತರ ಕೊಡಬೇಕು: ಇದು ತಪ್ಪಾ, ಅಂದಾಜಿನ ಬದಲಾವಣೆಯಾ? ಎರಡಕ್ಕೂ ದಾರಿ ಬೇರೆ. ನಮ್ಮವರಿಗೆ ಅರ್ಥವಾಗುವ ಉದಾಹರಣೆ ಓಟಿ, ಅಂದರೆ ಔಟ್‌ಟರ್ನ್. 50 ಕೆ.ಜಿ. ಚೆರ್ರಿಗೆ 27 ಕೆ.ಜಿ. ಕ್ಲೀನ್ ಬರುತ್ತದೆ ಅಂತ ವರ್ಷದ ಕೊನೆಗೆ ಅಂದಾಜು ಹಾಕಿದ್ದಿರಿ, ಕ್ಯೂರಿಂಗ್ ಆದಮೇಲೆ 26 ಬಂತು. ಅದು ಅಂದಾಜು, ಆಗ ತಿಳಿದಿದ್ದರಲ್ಲಿ ಸರಿಯಾಗಿಯೇ ಹಾಕಿದ್ದು. ಆ ವ್ಯತ್ಯಾಸ ಈ ವರ್ಷದ ಲಾಭನಷ್ಟಕ್ಕೆ ಹೋಗಲಿ. ಆದರೆ ಗೇಟ್ ಪಾಸ್ ಆಗಲೇ ಫೈಲ್‌ನಲ್ಲಿತ್ತು. ಅಕೌಂಟ್ಸ್‌ಗೆ ಬೋರ್ಡ್ ಸಹಿ ಹಾಕುವ ಹೊತ್ತಿಗೆ ಯಾರಾದರೂ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಆಗ ಸಿಗಬಹುದಾಗಿದ್ದ ಮಾಹಿತಿಯನ್ನು ಬಳಸದೆ ಹೋದರೆ ಅದು ತಪ್ಪು. ಇಂಡ್ ಎಎಸ್ 8 ಗೆರೆ ಎಳೆಯುವುದು ಇಲ್ಲೇ.

ಹಾಗೆಯೇ ಕಳ್ಳತನದ ಅನುಮಾನವನ್ನೂ ಮೆಮೊದಲ್ಲೇ ಮುಗಿಸಿಬಿಡಿ. ಚೀಲಗಳು 2024ರ ಏಪ್ರಿಲ್ 1ರ ನಂತರ ಕದ್ದುಹೋಗಿದ್ದರೆ ಅದು ಈ ವರ್ಷದ ನಷ್ಟ, ರಿಸರ್ವ್ ಮುಟ್ಟುವ ಹಾಗಿಲ್ಲ. ಅದಕ್ಕೇ ನಾನು ಮೂರು ಕಾಗದ ಲಗತ್ತಿಸಿದೆ: ಗೇಟ್ ಪಾಸ್, ಕ್ಯೂರಿಂಗ್‌ನವರ ರಸೀದಿ, ಅದೇ ಲಾಟ್‌ನ ಓಟಿ ವರದಿ. ಮೂರರಲ್ಲೂ ಚೀಲದ ಲೆಕ್ಕ ಹೊಂದಬೇಕು. ಹೊಂದದಿದ್ದರೆ ಮೆಮೊ ನಿಲ್ಲಿಸಿ, ಮೊದಲು ಅದನ್ನು ಹುಡುಕಿ.

ಈಗ ಸ್ಟಾಕ್ ತಪ್ಪಿನ ಒಂದು ಗುಣ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕ್ಲೋಸಿಂಗ್ ಸ್ಟಾಕ್ ಒಂದು ವರ್ಷ ಜಾಸ್ತಿಯಾದರೆ ಆ ವರ್ಷದ ಲಾಭ ಜಾಸ್ತಿ. ಅದೇ ಮುಂದಿನ ವರ್ಷದ ಓಪನಿಂಗ್ ಸ್ಟಾಕ್. ಆ ವರ್ಷದ ಕೊನೆಗೆ ಸರಿಯಾಗಿ ಎಣಿಸಿದ್ದರೆ ಆ ವರ್ಷದ ಲಾಭ ಅಷ್ಟೇ ಕಡಿಮೆಯಾಗಿ, ಎರಡು ವರ್ಷ ಸೇರಿ ತಪ್ಪು ತಾನೇ ತೊಳೆದುಹೋಗುತ್ತದೆ. ಆಗ ಇವತ್ತಿನ ರಿಸರ್ವ್‌ನಲ್ಲಿ ತಪ್ಪೇ ಇರುವುದಿಲ್ಲ, ಕಳೆಯುವುದೂ ಏನೂ ಇಲ್ಲ. ನಮ್ಮಲ್ಲಿ ಹಾಗಾಗಲಿಲ್ಲ. 2023-24ರ ಓಪನಿಂಗ್‌ನಲ್ಲೂ 48 ಲಕ್ಷ ಜಾಸ್ತಿ, ಕ್ಲೋಸಿಂಗ್‌ನಲ್ಲೂ 48 ಲಕ್ಷ ಜಾಸ್ತಿ. ಹಾಗಾಗಿ ಆ ವರ್ಷದ ಲಾಭ ಸರಿಯಾಗಿಯೇ ಇತ್ತು. ತಪ್ಪು ಪೂರ್ತಿ 2022-23ರದ್ದು. ನಿಮ್ಮ ಸ್ಟಾಕ್ ಯಾವ ವರ್ಷದ ಕೊನೆಯವರೆಗೆ ಪುಸ್ತಕದಲ್ಲಿತ್ತು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

2024-25ರ ಅಕೌಂಟ್ಸ್‌ನಲ್ಲಿ ಪಕ್ಕದ ಕಾಲಂ 2023-24ರದ್ದು. 2022-23 ಅಲ್ಲಿ ಕಾಣಿಸುವುದೇ ಇಲ್ಲ. ತಪ್ಪು ಕಾಣಿಸುವ ವರ್ಷದ್ದೇ ಆಗಿದ್ದರೆ ಆ ಕಾಲಂನ ಲಾಭವನ್ನೇ ತಿದ್ದಬೇಕಿತ್ತು. ಅದಕ್ಕೂ ಹಿಂದಿನದಾದರೆ, ತೋರಿಸುವ ಮೊದಲ ವರ್ಷದ ಶುರುವಿನ ಬಾಕಿಗಳನ್ನು ತಿದ್ದಬೇಕು. ಇಂಡ್ ಎಎಸ್ 8ರ 42ನೇ ಪ್ಯಾರಾ ಹೇಳುವುದು ಇಷ್ಟೇ. ನಮಗೆ ಆ ದಿನ 1-4-2023.

ಲೆಕ್ಕ ಹೀಗಾಯಿತು. ಸ್ಟಾಕ್ 48 ಲಕ್ಷ ಇಳಿಯಿತು. ಕಂಪನಿ 25.168 ಶೇಕಡ ತೆರಿಗೆ ದರದಲ್ಲಿತ್ತು, ಹಾಗಾಗಿ 12.08 ಲಕ್ಷದ ಡಿಫರ್ಡ್ ಟ್ಯಾಕ್ಸ್ ಅಸೆಟ್, ಅಂದರೆ ಮುಂದೆ ತೆರಿಗೆಯಲ್ಲಿ ಉಳಿಯುವ ಮೊತ್ತ, ಬಂತು. ರಿಸರ್ವ್‌ನಲ್ಲಿ ಕೂಡಿಟ್ಟ ಲಾಭ, ಅಂದರೆ ರಿಟೈನ್ಡ್ ಅರ್ನಿಂಗ್ಸ್‌ನಿಂದ ಹೋಗಿದ್ದು ಉಳಿದ 35.92 ಲಕ್ಷ. 1-4-2023ಕ್ಕೆ 640 ಲಕ್ಷ ಇದ್ದದ್ದು 604.08 ಲಕ್ಷವಾಯಿತು. 2023-24ರ ಲಾಭ 180 ಲಕ್ಷ, ಡಿವಿಡೆಂಡ್ 30 ಲಕ್ಷ, ಇವೆರಡೂ ಬದಲಾಗಲಿಲ್ಲ. 31-3-2024ಕ್ಕೆ 790 ಲಕ್ಷ ಇದ್ದದ್ದು 754.08 ಲಕ್ಷವಾಯಿತು. ಎರಡು ದಿನಕ್ಕೂ ವ್ಯತ್ಯಾಸ ಒಂದೇ 35.92 ಲಕ್ಷ. ತಪ್ಪು 2023-24ರ ಲಾಭ ಮುಟ್ಟಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ತಾಳೆ ಇಲ್ಲ, ಮೆಮೊದಲ್ಲಿ ಇದನ್ನು ಎದ್ದು ಕಾಣುವಂತೆ ಹಾಕಿ.

ಆ 12.08 ಲಕ್ಷದ ಬಗ್ಗೆ ಮಾತ್ರ ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳದೆ ಬರೆಯಬೇಡಿ. 2022-23ರ ರಿಟರ್ನ್ ರಿವೈಸ್ ಮಾಡುವ ಕೊನೆ ದಿನ 31-12-2023ಕ್ಕೇ ಮುಗಿದಿದೆ. ಈ ವರ್ಷದ ಲಾಭನಷ್ಟದಲ್ಲಿ ಖರ್ಚು ಬರದ ಕಾರಣ ತೆರಿಗೆ ಲೆಕ್ಕದಲ್ಲಿ ಅದನ್ನು ಬೇರೆಯಾಗಿ ಕೇಳಬೇಕು, ಅಧಿಕಾರಿ ಒಪ್ಪದೇ ಇರಬಹುದು. ಸಿಗುವ ಭರವಸೆ ಇಲ್ಲದಿದ್ದರೆ ಪೂರ್ತಿ 48 ಲಕ್ಷ ರಿಸರ್ವ್‌ನಿಂದಲೇ ಹೋಗುತ್ತದೆ.

ತಪ್ಪು ದೊಡ್ಡದಾ ಅಂತಲೂ ಬೋರ್ಡ್ ಕೇಳುತ್ತದೆ. ನಮ್ಮಲ್ಲಿ 2022-23ರ ತೆರಿಗೆ ನಂತರದ ಲಾಭ 160 ಲಕ್ಷ ಅಂತ ತೋರಿಸಿದ್ದರು, 35.92 ಲಕ್ಷ ಅದರ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಅಲ್ಲಿಗೆ ವಾದವೇ ಉಳಿಯಲಿಲ್ಲ. ನಿಮ್ಮದು ಸಣ್ಣ ಮೊತ್ತವಾದರೆ ರೀಸ್ಟೇಟ್ ಮಾಡುವ, ಅಂದರೆ ಹಿಂದಿನ ಅಂಕಿಗಳನ್ನು ತಿದ್ದಿ ತೋರಿಸುವ ಅಗತ್ಯವೇ ಬರದಿರಬಹುದು, ಆಡಿಟರ್ ಜೊತೆ ಮೊದಲೇ ಮಾತಾಡಿ.

ನಾನು ಬರೆದ ಮುಖ್ಯ ಪ್ಯಾರಾ ಸುಮಾರು ಹೀಗಿತ್ತು, ಬೇಕಿದ್ದರೆ ಅಂಕಿ ಬದಲಿಸಿ ಬಳಸಿಕೊಳ್ಳಿ:

"31-3-2023ರ ಸ್ಟಾಕ್‌ನಲ್ಲಿ 1,000 ಚೀಲ ರೋಬಸ್ಟಾ ಚೆರ್ರಿ ಎರಡು ಸಲ ಸೇರಿತ್ತು. ಇದು ಆ ವರ್ಷದ ತಪ್ಪು. 2024-25ರ ವ್ಯಾಪಾರಕ್ಕೆ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ 35.92 ಲಕ್ಷ ರೂಪಾಯಿಯನ್ನು 1-4-2023ರ ರಿಟೈನ್ಡ್ ಅರ್ನಿಂಗ್ಸ್‌ನಿಂದ ಕಳೆದು, 31-3-2024ರ ಬ್ಯಾಲೆನ್ಸ್ ಶೀಟ್ ಅನ್ನು ರೀಸ್ಟೇಟ್ ಮಾಡಲಾಗಿದೆ. 2023-24ರ ಲಾಭ ಬದಲಾಗಿಲ್ಲ. ಈ ಹಿಂದೆ ಅಂಗೀಕರಿಸಿ ಫೈಲ್ ಮಾಡಿದ ಅಕೌಂಟ್ಸ್ ಅನ್ನು ಮತ್ತೆ ತೆರೆಯುತ್ತಿಲ್ಲ."

ಕೊನೆಯ ವಾಕ್ಯ ಬಿಡಬೇಡಿ. ಒಬ್ಬ ಡೈರೆಕ್ಟರ್ ಮೇಡಂ ಗಾಬರಿಯಾಗಿ, "ಇದಕ್ಕೆ ಟ್ರಿಬ್ಯುನಲ್ ಅನುಮತಿ ಬೇಕಲ್ವಾ?" ಅಂತ ಕೇಳಿದರು. ಕಂಪನಿ ಕಾಯಿದೆಯ 131ನೇ ಸೆಕ್ಷನ್ ಪ್ರಕಾರ ಹಳೆ ಅಕೌಂಟ್ಸ್ ಅನ್ನೇ ತಿದ್ದಿ ಮತ್ತೆ ಹೊರಡಿಸುವುದಾದರೆ ಬೇಕು. ಈ ವರ್ಷದ ಅಕೌಂಟ್ಸ್ ಒಳಗೆ ಹಿಂದಿನ ಅಂಕಿಗಳನ್ನು ರೀಸ್ಟೇಟ್ ಮಾಡುವುದು ಬೇರೆ.

ಅಕೌಂಟ್ಸ್‌ನಲ್ಲಿ ಏನು ಕಾಣಿಸುತ್ತದೆ ಅಂತಲೂ ಎರಡು ಮಾತಿನಲ್ಲಿ ಹೇಳಿ. ಬ್ಯಾಲೆನ್ಸ್ ಶೀಟ್‌ಗೆ ಮೂರನೇ ಕಾಲಂ ಬರುತ್ತದೆ, 1-4-2023ರದ್ದು. ಈಕ್ವಿಟಿ ಬದಲಾವಣೆಯ ಪಟ್ಟಿಯಲ್ಲಿ ಹಿಂದಿನ ವರ್ಷದ ತಪ್ಪಿಗೆಂದೇ ಒಂದು ಸಾಲು ಇದೆ, ಅಲ್ಲಿ ಮೊತ್ತ ಕಾಣುತ್ತದೆ. ಜೊತೆಗೆ ತಪ್ಪು ಏನು, ಯಾವ ಸಾಲು ಎಷ್ಟು ಬದಲಾಯಿತು ಅಂತ ಒಂದು ನೋಟ್. ಎಂಟ್ರಿ ಮಾತ್ರ ಮುಚ್ಚಿದ ವರ್ಷಕ್ಕೆ ಹಾಕಲು ಹೋಗಬೇಡಿ. 1-4-2024ರ ತಾರೀಖಿಗೆ ರಿಟೈನ್ಡ್ ಅರ್ನಿಂಗ್ಸ್ ಮತ್ತು ಡಿಫರ್ಡ್ ಟ್ಯಾಕ್ಸ್ ಡೆಬಿಟ್, ಸ್ಟಾಕ್ ಕ್ರೆಡಿಟ್. ಹಿಂದಿನ ಕಾಲಂಗಳ ತಿದ್ದುಪಡಿ ಸ್ಟೇಟ್‌ಮೆಂಟ್ ಮಟ್ಟದಲ್ಲಿ ಮಾತ್ರ.

ಬ್ಯಾಂಕ್ ವಿಷಯವನ್ನು ನಾನು ಮೊದಲ ಕರಡಿನಲ್ಲಿ ಬರೆದಿರಲಿಲ್ಲ, ಆಡಿಟರ್ ಹೇಳಿದ ಮೇಲೆ ಸೇರಿಸಿದೆ. ಸ್ಟಾಕ್ ಮೇಲೆ ಸಾಲ ಇದ್ದರೆ, ಇಷ್ಟು ದಿನ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್‌ಗಳಲ್ಲೂ ಇದೇ 1,000 ಚೀಲ ಇರುತ್ತದೆ. ಎಷ್ಟು ಸಾಲ ತೆಗೆಯಬಹುದು ಅನ್ನುವ ಡ್ರಾಯಿಂಗ್ ಪವರ್ ಅದರ ಮೇಲೆ ಲೆಕ್ಕವಾಗಿರುತ್ತದೆ. ಲಿಮಿಟ್ 5 ಕೋಟಿ ದಾಟಿದ್ದರೆ, ಬ್ಯಾಂಕ್‌ಗೆ ಕೊಟ್ಟ ತ್ರೈಮಾಸಿಕ ಸ್ಟೇಟ್‌ಮೆಂಟ್ ಪುಸ್ತಕಕ್ಕೆ ತಾಳೆಯಾಗುತ್ತದೆಯಾ ಅಂತ ಆಡಿಟರ್ ತಮ್ಮ ವರದಿಯ ಜೊತೆ ಕೊಡುವ ಕಾರೋದಲ್ಲಿ ಹೇಳಲೇಬೇಕು. ಬ್ಯಾಂಕ್ ಮ್ಯಾನೇಜರ್‌ಗೆ ಪತ್ರ ಬರೆಯಲು ಬೋರ್ಡ್ ಒಪ್ಪಿಗೆಯನ್ನು ಅದೇ ಮೆಮೊದಲ್ಲಿ ಕೇಳಿಬಿಡಿ. ನಾವು ಹಾಗೆ ಮಾಡಿ, ಅಕೌಂಟ್ಸ್‌ಗೆ ಸಹಿ ಆಗುವ ಮುಂಚೆಯೇ ತಿದ್ದಿದ ಸ್ಟೇಟ್‌ಮೆಂಟ್ ಕೊಟ್ಟೆವು.