ರ‍್ಯಾಲಿಗೆ ಮುಂಚೆ ಗಡ್ಡ ಯಾವಾಗ ತೆಗೆಸಬೇಕು?

"ಅಣ್ಣಾ, ಮುಂದಿನ ವಾರ ಆರ್ಮಿ ಭರ್ತಿ ರ‍್ಯಾಲಿ. ಗಡ್ಡ ಬಿಟ್ಟು ಆರು ತಿಂಗಳಾಯ್ತು. ಹಿಂದಿನ ದಿನ ತೆಗೆಸಿದರೆ ಸಾಕಾ? ಊರು ಸಿಂಧನೂರು."

ತಮ್ಮಾ, ಹಿಂದಿನ ದಿನಕ್ಕೆ ಬಿಡಬೇಡ, ಇವತ್ತೇ ತೆಗೆಸು. ನಾನು ಕೊಪ್ಪಳದವನು, ಹಿಂದಿನ ರಾತ್ರಿ ಬೋಳಿಸಿ ಒದ್ದಾಡಿದ್ದೇನೆ. ಬೆಳಿಗ್ಗೆ ದವಡೆ ಕೆಳಗೆ ಸಾಲಾಗಿ ಕೆಂಪು ಗುಳ್ಳೆ ಎದ್ದಿದ್ದವು. ಓಡುವಾಗ ಬೆವರು ಇಳಿದು ಉಪ್ಪು ಸವರಿದ ಹಾಗೆ ಉರಿಯಿತು. ಕತ್ತರಿಸಿದ ಕೂದಲಿನ ಚೂಪು ತುದಿ ಮತ್ತೆ ಚರ್ಮಕ್ಕೇ ಚುಚ್ಚಿಕೊಂಡರೆ ಹೀಗಾಗುತ್ತದೆ. ಗುಂಗುರು ಗಡ್ಡದವರಿಗೆ ಜಾಸ್ತಿ.

ಮೊದಲು ಟ್ರಿಮ್ಮರ್‌ನಿಂದ ಸಣ್ಣ ಮಾಡಿಸು. ಉದ್ದ ಗಡ್ಡಕ್ಕೆ ನೇರ ಬ್ಲೇಡ್ ಹಾಕಿದರೆ ಕೂದಲು ಜಗ್ಗುತ್ತದೆ. ಬಿಸಿನೀರಿನ ಸ್ನಾನ ಆದ ಮೇಲೆ, ಹೊಸ ಬ್ಲೇಡಿನಿಂದ ಕೂದಲು ಬೆಳೆದ ದಿಕ್ಕಿಗೇ ಎಳೆ. ನುಣ್ಣಗಾಗಲಿ ಅಂತ ಉಲ್ಟಾ ಎಳೆಯಬೇಡ. ಗುಳ್ಳೆ ಬಂದರೆ ಕೆರೆಯಬೇಡ, ಅವು ಇಳಿಯುವವರೆಗೆ ಬ್ಲೇಡ್ ಮುಟ್ಟಬೇಡ. ಅದಕ್ಕೇ ಇವತ್ತೇ ಅಂದಿದ್ದು. ಕೊನೆಯ ಶೇವಿಂಗ್ ಹಿಂದಿನ ಸಂಜೆ ಇರಲಿ.

ಕಟಿಂಗ್‌ಗೆ ಪಕ್ಕ, ಹಿಂದೆ ಒಂದನೇ ನಂಬರ್ ಮಷೀನ್ ಹಾಕಲು ಹೇಳು, ಅಂದರೆ ಸುಮಾರು 3 ಮಿಲಿಮೀಟರ್. ಮೇಲೆ ಮೂರನೇ ನಂಬರ್ ಸಾಕು. ಪೂರ್ತಿ ಬೋಳು ಬೇಡ, ನಮ್ಮ ಬಿಸಿಲಿಗೆ ನೆತ್ತಿ ಸುಡುತ್ತದೆ. ಅಲ್ಲಿಗೆ ಒಯ್ಯುವ ಫೋಟೋ ಗಡ್ಡದ್ದಿದ್ದರೆ ಹೊಸದು ತೆಗೆಸು, ಮುಖ ಹೊಂದಬೇಕಲ್ವಾ?